ಪದಗಳು ಸೊನ್ನೆಗೆ ಹೋಗುತ್ತವೆ, ಚಿಹ್ನೆಯೂ ಅದಲುಬದಲಾಗುತ್ತದೆ. ಆದರೂ ಈ ಸರಣಿ ಡೈವರ್ಜ್ ಯಾಕೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್ಸಿ ಓದುತ್ತಿದ್ದೇನೆ. ಇಂಟರ್ನಲ್ಸ್‌ನಲ್ಲಿ ಈ ಸರಣಿ ಕೊಟ್ಟಿದ್ದರು. ಕನ್ವರ್ಜ್ ಆಗುತ್ತದೋ ಡೈವರ್ಜ್ ಆಗುತ್ತದೋ ಹೇಳಬೇಕಿತ್ತು.

`a_n = (-1)^n/√n + 1/n`,  `n = 1, 2, 3, ...`

ಉತ್ತರ ಡೈವರ್ಜ್. ಎರಡು ಭಾಗ ಮಾಡಿದರೆ ಗೊತ್ತಾಗುತ್ತದೆ. ಮೊದಲನೆಯದು ಕನ್ವರ್ಜ್, ಎರಡನೆಯದು ಹಾರ್ಮೋನಿಕ್, ಅದು ಡೈವರ್ಜ್. ಎರಡನ್ನೂ ಕೂಡಿಸಿದರೆ ಡೈವರ್ಜ್. ಇಷ್ಟು ಬರೆದರೆ ಮಾರ್ಕ್ಸ್ ಸಿಗುತ್ತದೆ. ಆದರೆ ನನಗೆ ಒಳಗಿಂದ ಸಮಾಧಾನ ಆಗುತ್ತಿಲ್ಲ.

`n = 10000` ತೆಗೆದುಕೊಳ್ಳಿ. ಮೊದಲ ಭಾಗ 0.01, ಎರಡನೆಯದು 0.0001. ನೂರು ಪಟ್ಟು ಚಿಕ್ಕದು! ಮುಂದೆ ಹೋದಷ್ಟೂ ಇನ್ನೂ ಚಿಕ್ಕದಾಗುತ್ತದೆ. `n = 1` ರಲ್ಲಿ ಪದ ಸೊನ್ನೆ. ಆಮೇಲೆ ಪ್ಲಸ್, ಮೈನಸ್, ಪ್ಲಸ್, ಮೈನಸ್ ಅಂತ ಸರಿಯಾಗಿಯೇ ನಡೆಯುತ್ತದೆ. ಪದ ಸೊನ್ನೆಗೂ ಹೋಗುತ್ತದೆ. ಲೈಬ್ನಿಟ್ಸ್ ಟೆಸ್ಟ್‌ಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ ಅಲ್ವಾ? ಇಷ್ಟು ಪುಟ್ಟ `1/n` ಬಂದು ಎಲ್ಲವನ್ನೂ ಹೇಗೆ ಕೆಡಿಸುತ್ತದೆ?

ಬೆಂಕಿಪೊಟ್ಟಣ

ನನ್ನ ಪ್ರಕಾರ ಉತ್ತರವನ್ನೇ ಇನ್ನೊಂದು ಸಲ ನೋಡಬೇಕು. ಲೈಬ್ನಿಟ್ಸ್‌ಗೆ ಪದಗಳ ಗಾತ್ರ ಇಳಿಯುತ್ತಾ ಹೋಗಬೇಕು ಅಂತ ಷರತ್ತಿದೆ, ಸರಿ. ಆದರೆ ಶುರುವಿನ ಕೆಲವು ಪದ ಹೆಚ್ಚುಕಮ್ಮಿ ಆದರೆ ಏನೂ ಆಗುವುದಿಲ್ಲ. ಅವನ್ನು ಬಿಟ್ಟು ಮುಂದಿನಿಂದ ಟೆಸ್ಟ್ ಹಾಕಬಹುದು.

ಅದೂ ಬೇಡ ಅಂದರೆ ಲಿಮಿಟ್ ಕಂಪ್ಯಾರಿಸನ್ ಹಾಕಿ. `a_n` ಅನ್ನು `(-1)^n/√n` ಇಂದ ಭಾಗಿಸಿ. `1 + (-1)^n/√n` ಬರುತ್ತದೆ, ಲಿಮಿಟ್ 1. ಕೆಳಗಿನ ಸರಣಿ ಕನ್ವರ್ಜ್ ಆದ್ದರಿಂದ ಮೇಲಿನದೂ ಕನ್ವರ್ಜ್. ಕೋಚಿಂಗ್‌ನಲ್ಲಿ ಇದನ್ನೇ ಹೇಳಿಕೊಟ್ಟಿದ್ದಾರೆ. ಎರಡು ಸಾಲಿನ ಕೆಲಸ.

ಸೀಮೆಸುಣ್ಣ

ಬೆಂಕಿಪೊಟ್ಟಣ ಅವರೇ, ಶುರುವಿನ ಪದಗಳು ಲೆಕ್ಕಕ್ಕಿಲ್ಲ ಅನ್ನುವುದು ಸರಿ. ರೇಶಿಯೋ 1 ಕ್ಕೆ ಹೋಗುತ್ತದೆ ಅನ್ನುವುದೂ ಸರಿ. ಆದರೆ ಈ ಎರಡು ಸರಿಗಳಿಂದ ನಿಮ್ಮ ಉತ್ತರ ಬರುವುದಿಲ್ಲ. ಮೊದಲು ಗಾತ್ರದ ವಿಷಯ ನೋಡೋಣ. ಚಿಹ್ನೆ ಬಿಟ್ಟು ಮೊದಲ ಹತ್ತು ಪದಗಳನ್ನು ಬರೆಯುತ್ತೇನೆ:

```
n :  1     2     3     4     5     6     7     8     9     10
   0.000 1.207 0.244 0.750 0.247 0.575 0.235 0.479 0.222 0.416
```

ಬೆಸ `n` ಇದ್ದಾಗ `1/√n` ಇಂದ `1/n` ಕಳೆಯುತ್ತದೆ. ಸಮ ಇದ್ದಾಗ ಕೂಡುತ್ತದೆ. ಹಾಗಾಗಿ ಗಾತ್ರ ಒಂದು ಇಳಿದು ಒಂದು ಏರುತ್ತದೆ. ಇದು ಬರೀ ಶುರುವಿನ ತಕರಾರಾಗಿದ್ದರೆ ನಿಮ್ಮ ಮಾತು ಒಪ್ಪಬಹುದಿತ್ತು. ಆದರೆ 9999 ನೇ ಪದದ ಗಾತ್ರ 0.0099, 10000 ನೆಯದು 0.0101, 10001 ನೆಯದು ಮತ್ತೆ 0.0099. ಅಲ್ಲಿಯೂ ಅದೇ ಕುಣಿತ. ಬೆಸದಿಂದ ಸಮಕ್ಕೆ ಹೋಗುವಾಗ `1/√n` ಇಳಿಯುವುದು ಸುಮಾರು `1/(2n√n)` ಮಾತ್ರ. `1/n` ಇಂದಾಗಿ ಏರುವುದು ಸುಮಾರು `2/n`. ಏರಿಕೆ ಯಾವಾಗಲೂ ಜಾಸ್ತಿ. ಯಾವ ಜಾಗದಿಂದ ಶುರು ಮಾಡಿದರೂ ಆ ಷರತ್ತು ಪೂರೈಸುವುದಿಲ್ಲ. ಲೈಬ್ನಿಟ್ಸ್ ಟೆಸ್ಟ್ ಇಲ್ಲಿ ಬಾಯಿಯನ್ನೇ ಬಿಡುವುದಿಲ್ಲ.

ಈಗ ತುಂಗಾತೀರ ಕೇಳಿದ ನಿಜವಾದ ಪ್ರಶ್ನೆ. 0.01 ಮತ್ತು 0.0001 ಅನ್ನು ಪಕ್ಕಪಕ್ಕ ಇಟ್ಟು ನೋಡಿದರೆ ದಾರಿ ತಪ್ಪುತ್ತದೆ. ಒಂದೊಂದೇ ಪದ ನೋಡಬೇಡಿ, ಜೋಡಿ ನೋಡಿ. 9999 ಮತ್ತು 10000 ಅನ್ನು ಒಟ್ಟಿಗೆ ಕೂಡಿಸಿ.

ದೊಡ್ಡ ಭಾಗದಿಂದ: `-1/√9999 + 1/√10000`. ಇದು ಸುಮಾರು -0.0000005.

ಚಿಕ್ಕ ಭಾಗದಿಂದ: `1/9999 + 1/10000`. ಇದು ಸುಮಾರು 0.0002.

ಅಂದರೆ ಜೋಡಿ ಆದ ಮೇಲೆ "ಚಿಕ್ಕ" ಭಾಗವೇ 400 ಪಟ್ಟು ದೊಡ್ಡದು. ದೊಡ್ಡ ಪದಗಳು ಒಂದನ್ನೊಂದು ಹೊಡೆದುಹಾಕಿಕೊಂಡು ಮುಗಿಯುತ್ತವೆ. ಚಿಕ್ಕ ಪದಗಳಿಗೆ ಹೊಡೆಯುವವರೇ ಇಲ್ಲ. ಜೋಡಿಗೆ ಉಳಿಯುವ ದೊಡ್ಡ ಭಾಗದ ಅಳತೆ `1/(n√n)` ತರಹದ್ದು, ಅವನ್ನೆಲ್ಲ ಕೂಡಿದರೂ ಮೊತ್ತ ಮಿತಿಯಲ್ಲಿರುತ್ತದೆ. ಚಿಕ್ಕ ಭಾಗದ ಅಳತೆ `2/n`, ಅದು ಹಾರ್ಮೋನಿಕ್.

ತುಂಗಾತೀರ

ಸರ್, ಆ 400 ಪಟ್ಟು ಅನ್ನುವುದನ್ನು ನೋಡಿ ಕಣ್ಣು ಬಿಟ್ಟ ಹಾಗಾಯಿತು! ಹಾಗಾದರೆ ಮೊತ್ತ ಎಷ್ಟು ಬೇಗ ಬೆಳೆಯುತ್ತದೆ?

ಸೀಮೆಸುಣ್ಣ

`ln N` ನಷ್ಟು. ನಿಧಾನ. 100 ಪದ ಕೂಡಿದರೆ 4.632, 10,000 ಪದಕ್ಕೆ 9.188, ಹತ್ತು ಲಕ್ಷ ಪದಕ್ಕೆ 13.788. ದೊಡ್ಡ ಭಾಗದ ಮೊತ್ತ ಅಷ್ಟರಲ್ಲಿ -0.605 ರ ಹತ್ತಿರ ಬಂದು ಕೂತಿರುತ್ತದೆ. ಉಳಿದದ್ದೆಲ್ಲ ಹಾರ್ಮೋನಿಕ್‌ನ ಕೊಡುಗೆ.

ಇನ್ನೊಂದು ಲಕ್ಷಣ ಹೇಳುತ್ತೇನೆ, ಬಿಡಿಸುವಾಗ ಉಪಯೋಗಕ್ಕೆ ಬರುತ್ತದೆ. ಸಮ ಸಂಖ್ಯೆಯ ಪದಗಳವರೆಗಿನ ಮೊತ್ತ ಬೇರೆ, ಬೆಸ ಸಂಖ್ಯೆಯವರೆಗಿನದು ಬೇರೆ ಬರೆದುಕೊಳ್ಳಿ. ಬರೀ `(-1)^n/√n` ಇದ್ದರೆ ಬೆಸದ ಮೊತ್ತ -1, -0.870, -0.817 ಅಂತ ಏರುತ್ತದೆ. ಸಮದ್ದು -0.293, -0.370, -0.409 ಅಂತ ಇಳಿಯುತ್ತದೆ. ಎರಡೂ ಎರಡು ಕಡೆಯಿಂದ ಒತ್ತಿ ಒಂದೇ ಜಾಗಕ್ಕೆ ಬರುತ್ತವೆ. ಲೈಬ್ನಿಟ್ಸ್‌ನ ಇಡೀ ವಾದ ಇದೇ. ನಿಮ್ಮ ಸರಣಿಯಲ್ಲಿ ಬೆಸದ್ದು 0, 0.963, 1.466, 1.806. ಸಮದ್ದು 1.207, 1.713, 2.041, 2.284. ಎರಡೂ ಏರುತ್ತಿವೆ! ನಡುವಿನ ಅಂತರ ಮಾತ್ರ ಕಮ್ಮಿಯಾಗುತ್ತದೆ, ಯಾಕೆಂದರೆ ಪದ ಸೊನ್ನೆಗೆ ಹೋಗುತ್ತಿದೆ. ಅಂತರ ಕಮ್ಮಿಯಾಗುವುದನ್ನು ನೋಡಿ ಕನ್ವರ್ಜ್ ಅಂದುಕೊಳ್ಳುವವರು ಬಹಳ.

ಹಾಸನದ್‌ಹುಡ್ಗ

ಗಣಿತ ಬಿಟ್ಟು ಬಹಳ ವರ್ಷ ಆಯ್ತು. ನನಗೆ ಅರ್ಥ ಆಗಿದ್ದು ಇಷ್ಟು. ಷೇರು ಒಂದಿನ ಏರತ್ತೆ, ಒಂದಿನ ಅಷ್ಟೇ ಪರ್ಸೆಂಟ್ ಇಳಿಯತ್ತೆ, ಏರಿಳಿತ ದಿನದಿನಕ್ಕೂ ಕಮ್ಮಿ ಆಗ್ತಾ ಹೋಗತ್ತೆ. ಕೊನೆಗೆ ಇದ್ದಲ್ಲೇ ಇರ್ತೀವಿ ಅಂದ್ಕೊಂಡಿದ್ದೆ. ಇಲ್ಲಿ ನೀವು ಮೇಲೇ ಹೋಗ್ತೀವಿ ಅಂತಿದ್ದೀರಾ?

ಮೈತ್ರೇಯಿ_ಎಮ್ಮೆಸ್ಸಿ

ಅದು ಬೇರೆ ಪ್ರಶ್ನೆ, ಆದರೆ ತೀರಾ ದೂರದ್ದಲ್ಲ. ಪರ್ಸೆಂಟ್ ಅಂದರೆ ಕೂಡುವುದಲ್ಲ, ಗುಣಿಸುವುದು. 100 ರೂಪಾಯಿ 10% ಏರಿದರೆ 110. ಅದು 10% ಇಳಿದರೆ 99. ಹೋಗಿದ್ದು 1%, ಅಂದರೆ 0.1 ರ ವರ್ಗ.

ಈಗ `n = 2` ರಿಂದ ಶುರು ಮಾಡಿ `1 + (-1)^n/√n` ಗಳನ್ನೆಲ್ಲ ಗುಣಿಸಿಕೊಂಡು ಹೋಗಿ. ಏರಿಳಿತ ಸೊನ್ನೆಗೆ ಹೋಗುತ್ತದೆ, ಆದರೆ ಪ್ರತಿ ಜೋಡಿಯೂ ಸುಮಾರು `1/n` ನಷ್ಟು ಭಾಗವನ್ನು ತಿನ್ನುತ್ತದೆ. ಲಾಗ್ ತೆಗೆದುಕೊಂಡರೆ ಪ್ರತಿ ಪದಕ್ಕೂ ಒಂದು `-1/(2n)` ಉಳಿಯುತ್ತದೆ. ಹಾಗಾಗಿ ಗುಣಲಬ್ಧ ಸೊನ್ನೆಗೇ ಇಳಿಯುತ್ತದೆ. ತುಂಗಾತೀರರ ಸರಣಿ ಮೇಲೆ ಹೋದರೆ ನಿಮ್ಮದು ಕೆಳಗೆ ಹೋಗುತ್ತದೆ.

ಹಾಸನದ್‌ಹುಡ್ಗ

ಅಯ್ಯೋ. ಹಾಗಾದ್ರೆ ಎಸ್‌ಐಪಿ ನಿಲ್ಲಿಸಬೇಕಾ?

ಮೈತ್ರೇಯಿ_ಎಮ್ಮೆಸ್ಸಿ

ನಿಜವಾದ ಷೇರು ಹೀಗೆ ಲೆಕ್ಕ ಹಾಕಿ ಏರಿಳಿಯುವುದಿಲ್ಲ. ಅದನ್ನು ಬೇರೆ ಕಡೆ ಕೇಳಿ ಸರ್ 🙂

ಬೆಂಕಿಪೊಟ್ಟಣ

ಲೈಬ್ನಿಟ್ಸ್ ಬಿಡಿ. ನನ್ನ ರೇಶಿಯೋ ವಾದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಲಿಮಿಟ್ 1 ಬಂದಿದೆ. ಪುಸ್ತಕದಲ್ಲಿ ಇರುವ ಟೆಸ್ಟ್ ಅದು. ಪುಸ್ತಕ ತಪ್ಪಾ?

ಮೈತ್ರೇಯಿ_ಎಮ್ಮೆಸ್ಸಿ

ಪುಸ್ತಕದಲ್ಲಿ ಆ ಟೆಸ್ಟ್‌ನ ಮೊದಲ ಸಾಲು ನೋಡಿ. ಪದಗಳೆಲ್ಲ ಪಾಸಿಟಿವ್ ಇರಬೇಕು ಅಂತ ಇರುತ್ತದೆ. ಎಲ್ಲರೂ ಹಾರಿಸಿ ಓದುವ ಸಾಲು ಅದು.

ಅದು ಯಾಕೆ ಬೇಕು ಅಂದರೆ, ಪಾಸಿಟಿವ್ ಸರಣಿಯಲ್ಲಿ ಮೊತ್ತ ಏರುತ್ತಲೇ ಹೋಗುತ್ತದೆ. ಕನ್ವರ್ಜ್ ಆಗುವುದು ಪದಗಳು ಸಾಕಷ್ಟು ಚಿಕ್ಕವಾಗಿರುವುದರಿಂದ ಮಾತ್ರ. ಹಾಗಾಗಿ ಪದವನ್ನು ಒಂದು ಪರ್ಸೆಂಟ್ ಹೆಚ್ಚುಕಮ್ಮಿ ಮಾಡಿದರೆ ಮೊತ್ತವೂ ಹೆಚ್ಚೆಂದರೆ ಒಂದು ಪರ್ಸೆಂಟ್ ಅಲುಗುತ್ತದೆ. `(-1)^n/√n` ನ ಪದಗಳು ಅಷ್ಟು ಚಿಕ್ಕವಲ್ಲ. ಚಿಹ್ನೆ ತೆಗೆದುಬಿಟ್ಟರೆ ಮೊತ್ತ `2√N` ನಷ್ಟು ಬೆಳೆಯುತ್ತದೆ, ಹಾರ್ಮೋನಿಕ್‌ಗಿಂತ ಎಷ್ಟೋ ಜೋರು. ಅದು ನಿಂತಿರುವುದು ಪ್ಲಸ್ಸು ಮೈನಸ್ಸು ಹೊಡೆದುಹೋಗುವುದರ ಮೇಲೆ. ನೀವು ಪ್ರತಿ ಪದವನ್ನು `1 + (-1)^n/√n` ಇಂದ ಗುಣಿಸಿದಾಗ ಏನು ಮಾಡಿದಿರಿ? ಪ್ಲಸ್ ಪದಗಳನ್ನೆಲ್ಲ ಸ್ವಲ್ಪ ಹಿಗ್ಗಿಸಿದಿರಿ, ಮೈನಸ್ ಪದಗಳನ್ನೆಲ್ಲ ಸ್ವಲ್ಪ ಕುಗ್ಗಿಸಿದಿರಿ. ಆ "ಸ್ವಲ್ಪ" ಸೊನ್ನೆಗೆ ಹೋಗುತ್ತದೆ ನಿಜ. ಆದರೆ ಪ್ರತಿ ಸಲವೂ ಒಂದೇ ಕಡೆಗೆ ವಾಲುತ್ತದೆ. `1/√n` ಗಾತ್ರದ ಪದಕ್ಕೆ `1/√n` ನಷ್ಟು ತಿದ್ದುಪಡಿ, ಒಟ್ಟು `1/n`.

ಇದರಲ್ಲಿ ಒಂದು ಮಜಾ ಇದೆ. ಈ ವಾದ ಹೂಡಿದ್ದು ನೀವೊಬ್ಬರೇ ಅಲ್ಲ, ಕೊಶಿ ಕೂಡ! 1820 ರ ದಶಕದಲ್ಲಿ ಫೂರಿಯೆ ಸರಣಿ ಕನ್ವರ್ಜ್ ಆಗುತ್ತದೆ ಅಂತ ತೋರಿಸಲು ಕೊಶಿ ಒಂದು ಪ್ರೂಫ್ ಕೊಟ್ಟರು. ಅದರ ಒಂದು ಹೆಜ್ಜೆ ಇದೇ. ಪದಗಳ ರೇಶಿಯೋ 1 ಕ್ಕೆ ಹೋಗುತ್ತದೆ, ಆ ಇನ್ನೊಂದು ಸರಣಿ ಕನ್ವರ್ಜ್ ಆಗುತ್ತದೆ, ಹಾಗಾಗಿ ಇದೂ ಕನ್ವರ್ಜ್ ಅಂತ. 1829 ರಲ್ಲಿ ಡಿರಿಕ್ಲೆ ಬರ್ಲಿನ್ನಿನ ಕ್ರೆಲೆ ಜರ್ನಲ್‌ನಲ್ಲಿ ಫೂರಿಯೆ ಸರಣಿಯ ಬಗ್ಗೆ ತಮ್ಮ ಲೇಖನ ಪ್ರಕಟಿಸಿದರು. ಅದರ ಶುರುವಿನಲ್ಲೇ ಆ ಹೆಜ್ಜೆ ನಿಲ್ಲುವುದಿಲ್ಲ ಅಂತ ತೋರಿಸಿದರು. ಅದಕ್ಕೆ ಅವರು ಕೊಟ್ಟ ಉದಾಹರಣೆ ಈ ಎರಡು:

`(-1)^n/√n`  ಮತ್ತು  `(-1)^n/√n · (1 + (-1)^n/√n)`

ಎರಡನೆಯದನ್ನು ಗುಣಿಸಿ ನೋಡಿ. `(-1)^n/√n + 1/n`. ತುಂಗಾತೀರ, ನಿಮ್ಮ ಇಂಟರ್ನಲ್ಸ್ ಪ್ರಶ್ನೆಗೆ ಹತ್ತಿರ ಹತ್ತಿರ 200 ವರ್ಷ ವಯಸ್ಸಾಗಿದೆ. ಡಿರಿಕ್ಲೆ ಆಗ ಇನ್ನೂ 25 ದಾಟಿರಲಿಲ್ಲ. ಆ ಲೇಖನದಲ್ಲಿ ಅವರು ಬೇರೆಯೇ ದಾರಿ ಹಿಡಿದರು. ಪದಗಳನ್ನು ಒಂದೊಂದಾಗಿ ಹೋಲಿಸುವುದನ್ನು ಬಿಟ್ಟು, ಮೊದಲ ಎನ್ ಪದಗಳ ಮೊತ್ತವನ್ನೇ ಒಂದು ಇಂಟಿಗ್ರಲ್ ಆಗಿ ಬರೆದು ಅದನ್ನು ಹಿಡಿದರು.

ತುಂಗಾತೀರ

ನಮ್ಮ ಮೇಡಂ ಇದನ್ನು ಎಲ್ಲಿಂದ ತೆಗೆದರೋ! ಅಕ್ಕ, ಹಾಗಾದರೆ ಆಲ್ಟರ್ನೇಟಿಂಗ್ ಸರಣಿಗೆ ಹೋಲಿಕೆ ಅನ್ನುವುದೇ ಇಲ್ಲವಾ? ರೇಶಿಯೋ ಪೂರ್ತಿ ದಂಡವಾ?

ಮೈತ್ರೇಯಿ_ಎಮ್ಮೆಸ್ಸಿ

ದಂಡ ಅಲ್ಲ. ರೇಶಿಯೋ ಬದಲು ವ್ಯತ್ಯಾಸ ನೋಡಿ. ನಿಮ್ಮ ಪದದಿಂದ ಗೊತ್ತಿರುವ ಪದವನ್ನು ಕಳೆಯಿರಿ. ಉಳಿದದ್ದರ ಸರಣಿ ಕನ್ವರ್ಜ್ ಆದರೆ ಎರಡೂ ಒಟ್ಟಿಗೆ ಕನ್ವರ್ಜ್ ಅಥವಾ ಒಟ್ಟಿಗೆ ಡೈವರ್ಜ್. ಇಲ್ಲಿ ಉಳಿದದ್ದು `1/n`. `1/n²` ಅಥವಾ `1/(n√n)` ಉಳಿದಿದ್ದರೆ ಯಾವ ಗಲಾಟೆಯೂ ಇರುತ್ತಿರಲಿಲ್ಲ, ಆಗಲೂ ರೇಶಿಯೋ 1 ಕ್ಕೇ ಹೋಗುತ್ತಿತ್ತು. ರೇಶಿಯೋಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಬೆಂಕಿಪೊಟ್ಟಣ

ಸರಿ, ಇದರಲ್ಲಿ `1/n` ಅನ್ನು ಕಣ್ಣೆದುರಿಗೇ ಇಟ್ಟಿದ್ದಾರೆ, ಅದಕ್ಕೆ ಹಿಡಿಯಬಹುದು. ಹೋದ ವರ್ಷ ಮಾಕ್ ಟೆಸ್ಟ್‌ನಲ್ಲಿ ಇದು ಬಂದಿತ್ತು:

`(-1)^n / (√n + (-1)^n)`,  `n = 2, 3, 4, ...`

ಇಲ್ಲಿ ಬೇರೆ ಪದ ಕೂಡಿಸಿಯೇ ಇಲ್ಲ. ಛೇದದಲ್ಲಿ ಒಂದು ±1 ಇದೆ ಅಷ್ಟೇ. `√n` ಮುಂದೆ 1 ಯಾವ ಲೆಕ್ಕ? ಇದಂತೂ ಕನ್ವರ್ಜ್.

ಸೀಮೆಸುಣ್ಣ

ಇದು ಅದೇ ಸರಣಿ, ವೇಷ ಬೇರೆ. ಮೇಲೆ ಕೆಳಗೆ `√n - (-1)^n` ಇಂದ ಗುಣಿಸಿ. ಛೇದ `n - 1` ಆಗುತ್ತದೆ. ಅಂಶ `(-1)^n √n - 1` ಆಗುತ್ತದೆ. ಅಂದರೆ ಪದ

`(-1)^n √n/(n-1) - 1/(n-1)`

ಮೊದಲ ಭಾಗದಲ್ಲಿ `√n/(n-1)` ಇಳಿಯುತ್ತಲೇ ಹೋಗುತ್ತದೆ, ಅದಕ್ಕೆ ಲೈಬ್ನಿಟ್ಸ್ ಸರಿಯಾಗಿ ಕೂರುತ್ತದೆ, ಕನ್ವರ್ಜ್. ಎರಡನೆಯದು ಹಾರ್ಮೋನಿಕ್, ಮೈನಸ್ ಚಿಹ್ನೆಯೊಂದಿಗೆ. ಮೊತ್ತ ಮೈನಸ್ ಅನಂತಕ್ಕೆ ಹೋಗುತ್ತದೆ. ನಂಬಿಕೆ ಬರದಿದ್ದರೆ ಜೋಡಿ ಹಾಕಿ. `n = 10000` ರಲ್ಲಿ ಪದ `1/101`, ಅಂದರೆ 0.0099. `n = 10001` ರಲ್ಲಿ ಸುಮಾರು `-1/99.005`, ಅಂದರೆ -0.0101. ಕೂಡಿದರೆ -0.0002. ಹಿಂದಿನ ಜೋಡಿಯಲ್ಲಿ ಬಂದ ಸಂಖ್ಯೆಯೇ, ಚಿಹ್ನೆ ಮಾತ್ರ ಬೇರೆ.

ಆ ±1 ಲೆಕ್ಕಕ್ಕಿಲ್ಲ ಅಂದಿರಿ. ಅದು ಪದದ ಚಿಹ್ನೆಯ ಜೊತೆಜೊತೆಗೇ ಬದಲಾಗುತ್ತದೆ, ಅದೇ ತೊಂದರೆ. ಪ್ಲಸ್ ಪದ ಬಂದಾಗಲೆಲ್ಲ ಛೇದ ದೊಡ್ಡದು, ಮೈನಸ್ ಬಂದಾಗಲೆಲ್ಲ ಚಿಕ್ಕದು. ಛೇದದಲ್ಲಿ ಬರೀ `√n + 1` ಇದ್ದಿದ್ದರೆ ಕನ್ವರ್ಜ್ ಆಗುತ್ತಿತ್ತು.

ಇನ್ನೂ ಬೇಕಾದರೆ `√n` ಜಾಗದಲ್ಲಿ `n^p` ಹಾಕಿ ನೋಡಿ, `p` ಪಾಸಿಟಿವ್ ಇರಲಿ. ಬಿಡಿಸಿದರೆ `(-1)^n/n^p` ಆದ ಮೇಲೆ ಬರುವ ಪದ `-1/n^(2p)`. ಹಾಗಾಗಿ `p` ಅರ್ಧಕ್ಕಿಂತ ಜಾಸ್ತಿ ಇದ್ದರೆ ಕನ್ವರ್ಜ್, ಅರ್ಧ ಅಥವಾ ಅದಕ್ಕಿಂತ ಕಮ್ಮಿ ಆದರೆ ಡೈವರ್ಜ್. 0.6 ಕ್ಕೆ ಬದುಕುತ್ತದೆ, 0.5 ಕ್ಕೆ ಸಾಯುತ್ತದೆ. ಪರೀಕ್ಷೆಯಲ್ಲಿ ವರ್ಗಮೂಲವನ್ನೇ ಹುಡುಕಿ ಕೊಡುವುದು ಸುಮ್ನೆ ಅಲ್ಲ, ಗಡಿ ಇರುವುದೇ ಅಲ್ಲಿ.

ಬೆಂಕಿಪೊಟ್ಟಣ

ಗುಣಿಸಿ ನೋಡಿದೆ, ಬರುತ್ತದೆ. ಆದರೂ ಮಲ್ಟಿಪಲ್ ಚಾಯ್ಸ್‌ನಲ್ಲಿ ಎರಡು ನಿಮಿಷಕ್ಕೆ ಒಂದು ಪ್ರಶ್ನೆ. ಇಷ್ಟೆಲ್ಲ ಮಾಡುತ್ತಾ ಕೂರಲು ಆಗುವುದಿಲ್ಲ. ಹತ್ತರಲ್ಲಿ ಒಂಬತ್ತು ಕಡೆ ರೇಶಿಯೋ ನಡೆಯುತ್ತದೆ.

ಪೈಥಾನ್‌ಪಾಪಣ್ಣ

ನಿಮಗೆಲ್ಲ ಪೆನ್ನು ಪೇಪರ್ ಯಾಕೆ? ಓಡಿಸಿ ನೋಡಿದರೆ ಆಯಿತು. ನಾನು ಇದೇ ಜಾತಿಯ ಒಂದನ್ನು ಓಡಿಸಿದೆ. `1/n` ಬದಲು ಇನ್ನೂ ಚಿಕ್ಕದು, `1/(n ln n)`:

```python
from math import sqrt, log
s = 0.0
for n in range(2, 10**6 + 1):
    s += (-1)**n / sqrt(n) + 1 / (n * log(n))
    if n in (10**2, 10**4, 10**6):
        print(n, round(s, 3))
```

ಬಂದದ್ದು ಇಷ್ಟು:

```
100 2.768
10000 3.415
1000000 3.816
```

ಹತ್ತು ಸಾವಿರದಿಂದ ಹತ್ತು ಲಕ್ಷಕ್ಕೆ ಹೋಗುವಷ್ಟರಲ್ಲಿ ಬರೀ 0.4 ಏರಿದೆ. ಅದಕ್ಕೆ ಮುಂಚಿನ ಹಂತದಲ್ಲಿ 0.65 ಏರಿತ್ತು. ಏರಿಕೆ ಕುಗ್ಗುತ್ತಿದೆ. ಎಲ್ಲೋ 5 ರ ಹತ್ತಿರ ನಿಲ್ಲುತ್ತದೆ. ಈ ಕೇಸ್ ಕನ್ವರ್ಜ್ ಅಂತ ನನ್ನ ಅನಿಸಿಕೆ.

ಸೀಮೆಸುಣ್ಣ

ನಿಲ್ಲುವುದಿಲ್ಲ ಪಾಪಣ್ಣ ಅವರೇ. `1/(n ln n)` ನ ಮೊತ್ತ `ln ln N` ನಷ್ಟು ಬೆಳೆಯುತ್ತದೆ. ಇಂಟಿಗ್ರಲ್ ಟೆಸ್ಟ್ ಹಾಕಿದರೆ ಒಂದೇ ಸಾಲು.

ಇದರ ಸ್ವಭಾವ ವಿಚಿತ್ರ. `N` ಇಂದ `N²` ಗೆ ಹೋದಾಗ ಮೊತ್ತಕ್ಕೆ ಸೇರುವುದು ಯಾವಾಗಲೂ `ln 2`, ಅಂದರೆ 0.693. ನಿಮ್ಮ ಪಟ್ಟಿಯಲ್ಲೇ ಇದೆ. 100 ರಿಂದ 10,000 ಕ್ಕೆ ಹೋದಾಗ 0.647 ಏರಿದೆ. ಉಳಿದ 0.046 ಬಹುಮಟ್ಟಿಗೆ ದೊಡ್ಡ ಭಾಗದ ಏರಿಳಿತ ತಣ್ಣಗಾಗಿದ್ದರಿಂದ ಕಮ್ಮಿಯಾದದ್ದು. ನೀವು ಆಮೇಲೆ 10 ಕೋಟಿಗೆ ಹೋಗದೆ 10 ಲಕ್ಷಕ್ಕೆ ನಿಲ್ಲಿಸಿದಿರಿ. ಹಂತಗಳು ವರ್ಗದಲ್ಲಿ ಬೆಳೆಯಲಿಲ್ಲ, ಅದಕ್ಕೆ ಏರಿಕೆ ಕುಗ್ಗಿದ ಹಾಗೆ ಕಂಡಿತು. ಹತ್ತು ಲಕ್ಷದಿಂದ ಇನ್ನೊಂದು 0.693 ಬೇಕಾದರೆ ಲಕ್ಷ ಕೋಟಿ ಪದ ಕೂಡಬೇಕು. ಪೈಥಾನ್ ಲೂಪ್ ದಿನಗಟ್ಟಲೆ ಓಡಬೇಕಾಗುತ್ತದೆ. ಮೊತ್ತ 10 ಮುಟ್ಟಬೇಕಾದರೆ `N` ಎಂದರೆ 1 ರ ಮುಂದೆ ಸುಮಾರು 2,900 ಸೊನ್ನೆ. ಯಾವ ಕಂಪ್ಯೂಟರಿಗೂ ಅದು ಕಾಣುವುದಿಲ್ಲ.

ಪೈಥಾನ್‌ಪಾಪಣ್ಣ

2,900 ಸೊನ್ನೆ!! ಹಾಗಾದರೆ ಓಡಿಸಿ ನೋಡಿ ಏನೂ ಹೇಳಲು ಆಗುವುದಿಲ್ಲವಾ? ನಾನು ಕೆಲಸದಲ್ಲಿ ಎಷ್ಟೋ ಕಡೆ "ಬದಲಾವಣೆ 0.000001 ಕ್ಕಿಂತ ಕಮ್ಮಿ ಆದರೆ ನಿಲ್ಲಿಸು" ಅಂತಲೇ ಬರೆದಿದ್ದೇನೆ.

ಸೀಮೆಸುಣ್ಣ

ಆ ಷರತ್ತು ನೋಡುವುದು ಪದದ ಗಾತ್ರವನ್ನು ಮಾತ್ರ. ಪದ ಸೊನ್ನೆಗೆ ಹೋಗುವ ಯಾವ ಸರಣಿಯಾದರೂ ಒಂದು ದಿನ ಅದನ್ನು ದಾಟುತ್ತದೆ, ಡೈವರ್ಜ್ ಆಗುವುದೂ ಸೇರಿ. ನಿಮ್ಮ ಕೆಲಸದಲ್ಲಿ ಬರುವ ಲೆಕ್ಕಗಳಲ್ಲಿ ಹೆಚ್ಚಿನವು ಪ್ರತಿ ಹೆಜ್ಜೆಗೂ ಅರ್ಧಕ್ಕೋ ಹತ್ತನೇ ಒಂದಕ್ಕೋ ಇಳಿಯುವಂಥವು ಇರಬಹುದು, ಅಲ್ಲಿ ತೊಂದರೆ ಇಲ್ಲ. `1/n` ತರಹ ನಿಧಾನಕ್ಕೆ ಇಳಿಯುವುದಾದರೆ ಮಾತ್ರ ನಂಬಬೇಡಿ. ಓಡಿಸಲೇಬೇಕು ಅಂದರೆ 100, 10,000, 10 ಕೋಟಿ ಅಂತ ವರ್ಗದಲ್ಲಿ ಹಂತ ಇಟ್ಟು ಓಡಿಸಿ. ಸಮದ ಮೊತ್ತ, ಬೆಸದ ಮೊತ್ತ ಬೇರೆ ಬೇರೆ ಪ್ರಿಂಟ್ ಮಾಡಿ. ಎರಡೂ ಒಂದೇ ಕಡೆ ಹೋಗುತ್ತಿದ್ದರೆ ಅನುಮಾನ ಪಡಬಹುದು. ಆದರೆ ಅದೂ ಪ್ರೂಫ್ ಅಲ್ಲ.

ಮೈತ್ರೇಯಿ_ಎಮ್ಮೆಸ್ಸಿ

ರೇಶಿಯೋ ಹತ್ತರಲ್ಲಿ ಒಂಬತ್ತು ಕಡೆ ನಡೆಯುತ್ತದೆ ಅಂದಿರಲ್ಲ ಬೆಂಕಿಪೊಟ್ಟಣ, ಹತ್ತನೆಯದಕ್ಕೆ ಒಂದು ಕೊಡುತ್ತೇನೆ. `p_n` ಅಂದರೆ ಎನ್‌ನೇ ಅವಿಭಾಜ್ಯ ಸಂಖ್ಯೆ. ಸರಣಿ:

`(-1)^n · n/p_n`

ಗಾತ್ರಗಳು 1/2, 2/3, 3/5, 4/7, 5/11, 6/13 ಹೀಗೆ. `n` ದೊಡ್ಡದಾದಾಗ `n/p_n` ಮತ್ತು `1/ln n` ನ ರೇಶಿಯೋ 1 ಕ್ಕೆ ಹೋಗುತ್ತದೆ. ಅವಿಭಾಜ್ಯ ಸಂಖ್ಯೆಗಳ ಪ್ರಮೇಯ ಹೇಳುವುದೇ ಅದನ್ನು. `(-1)^n/ln n` ಕನ್ವರ್ಜ್ ಆಗುತ್ತದೆ, ಅದಕ್ಕೆ ಲೈಬ್ನಿಟ್ಸ್ ಸಾಕು. ಈಗ ಹೇಳಿ, ನಮ್ಮ ಸರಣಿ?

ಬೆಂಕಿಪೊಟ್ಟಣ

ನಿಮ್ಮ ಮಾತಿನ ಧಾಟಿ ನೋಡಿದರೆ ಡೈವರ್ಜ್ ಅಂತ ಹೇಳಬೇಕು.

ಮೈತ್ರೇಯಿ_ಎಮ್ಮೆಸ್ಸಿ

ಗೊತ್ತಿಲ್ಲ! ನನಗಲ್ಲ, ಯಾರಿಗೂ. ಇದು ಎರ್ಡಿಶ್ ಕೇಳಿದ ಪ್ರಶ್ನೆ. 2023 ರಲ್ಲಿ ಟೆರೆನ್ಸ್ ಟಾವ್ ಕನ್ವರ್ಜ್ ಆಗುತ್ತದೆ ಅಂತ ತೋರಿಸಿದರು. ಆದರೆ ಅದಕ್ಕೆ ಹಾರ್ಡಿ ಮತ್ತು ಲಿಟಲ್‌ವುಡ್ ಅವರ ಅವಿಭಾಜ್ಯ ಸಂಖ್ಯೆಗಳ ಊಹೆಯ ಒಂದು ಬಲವಾದ ರೂಪವನ್ನು ನಿಜ ಅಂತ ಹಿಡಿಯಬೇಕು. ಆ ಊಹೆಗೇ ಇನ್ನೂ ಪ್ರೂಫ್ ಇಲ್ಲ.

ತುಂಗಾತೀರ

ಅಕ್ಕ, ಇಲ್ಲಿಯೂ ಅಡ್ಡಿ ಆ "ಇಳಿಯುತ್ತಾ ಹೋಗಬೇಕು" ಅನ್ನುವ ಷರತ್ತೇನಾ? 5/11 ಅಂದರೆ 0.4545, 6/13 ಅಂದರೆ 0.4615. ಏರಿತು. 7/17 ಗೆ ಇಳಿದು 8/19 ಗೆ ಮತ್ತೆ ಏರಿತು. ಎಲ್ಲೋ ಒಂದು ಕಡೆಯಿಂದಾಚೆ ಇಳಿಯುತ್ತಲೇ ಹೋಗಬಹುದಲ್ವಾ?

ಮೈತ್ರೇಯಿ_ಎಮ್ಮೆಸ್ಸಿ

ಹೋಗುವುದಿಲ್ಲ. ಮುಂದಿನ ಅವಿಭಾಜ್ಯ ಸಂಖ್ಯೆ `p_n/n` ಗಿಂತ ಹತ್ತಿರ ಇದ್ದರೆ ಗಾತ್ರ ಏರುತ್ತದೆ, ಅಡ್ಡ ಗುಣಾಕಾರ ಮಾಡಿ ನೋಡಿ. `p_n/n` ನಡುನಡುವೆ ಇಳಿದರೂ ಒಟ್ಟಾರೆ ಅನಂತಕ್ಕೆ ಹೋಗುತ್ತದೆ. ಆದರೆ 7 ಕೋಟಿಗಿಂತ ಕಮ್ಮಿ ಅಂತರದಲ್ಲಿ ಅಕ್ಕಪಕ್ಕ ಇರುವ ಅವಿಭಾಜ್ಯ ಸಂಖ್ಯೆಗಳ ಜೋಡಿ ಎಷ್ಟು ದೂರ ಹೋದರೂ ಸಿಗುತ್ತಲೇ ಇರುತ್ತವೆ ಅಂತ 2013 ರಲ್ಲಿ ಯಿಟಾಂಗ್ ಝಾಂಗ್ ತೋರಿಸಿದ್ದಾರೆ. ಹಾಗಾಗಿ ಏರುವ ಜಾಗಗಳು ಮುಗಿಯುವುದೇ ಇಲ್ಲ.

ನಿಮ್ಮ ಇಂಟರ್ನಲ್ಸ್ ಸರಣಿಯಲ್ಲಿ ಏರುವ ಜಾಗ ಯಾವಾಗಲೂ ಸಮ `n`. ಅದಕ್ಕೇ ಎಲ್ಲ ಏರಿಕೆಯೂ ಒಂದೇ ಕಡೆಗೆ ಸೇರಿತು. ಇಲ್ಲಿ ಅವು ಸಮದಲ್ಲೂ ಬೆಸದಲ್ಲೂ ಬರುತ್ತವೆ. ಎರಡೂ ಕಡೆ ಸಾಕಷ್ಟು ಸಮನಾಗಿ ಹಂಚಿಹೋಗಿದ್ದರೆ ಕನ್ವರ್ಜ್ ಆಗಬೇಕು. ಸಮನಾಗಿ ಹಂಚಿಹೋಗಿವೆ ಅಂತ ತೋರಿಸುವುದೇ ಕಷ್ಟ.

ಪೈಥಾನ್‌ಪಾಪಣ್ಣ

ಒಂದು ಕೋಟಿ ಅವಿಭಾಜ್ಯ ಸಂಖ್ಯೆಗಳಿಗೆ ಓಡಿಸಲು ಹಾಕಿದ್ದೇನೆ. ಸಮ ಬೆಸ ಬೇರೆ ಬೇರೆ ಪ್ರಿಂಟ್ ಆಗುತ್ತದೆ. ಸೀಮೆಸುಣ್ಣ ಸರ್, ಬೈಯಬೇಡಿ.